ಧಾರೆಯ ಮೂರನೆಯ ಚಿತ್ರ

ರಾತ್ರಿ ಬಾಗಿಲು ತಟ್ಟಿದ ಸದ್ದು. ಸಪ್ಪಲಮ್ಮ ತೆರೆಯುವುದಿಲ್ಲ. ಕೆಂಪು ದೀಪದಡಿ, ಟ್ರೇಯ ದ್ರಾವಣದಲ್ಲಿ, ಬಿಳಿಯ ಕಾಗದದಿಂದ ಒಂದು ಮುಖ ಕನಸಿನಂತೆ ಮೇಲೇಳುತ್ತಿದೆ. ಈಗ ಬೆಳಕು ಬಿದ್ದರೆ ಎಲ್ಲವೂ ಕಪ್ಪು. ಚಿತ್ರ ಹೈಪೋ ದ್ರಾವಣದಲ್ಲಿ ನೆಲೆನಿಂತ ಮೇಲೆಯೇ ಅಗುಳಿ ಸರಿಯುತ್ತದೆ.

ಹೊರಗೆ ಪಕ್ಕದ ಬೀದಿಯ ನವವಧು ಶಕುಂತಲೆ. ಕೈಯಲ್ಲಿ ಮದುವೆಯ ಕಾಂಟ್ಯಾಕ್ಟ್ ಪ್ರಿಂಟಿನ ಹಾಳೆ.

"ನೀವು ಹಾಕಿದ್ ಗೆರೆ ಮತ್ತೆ ಅಳಿಸ್ಬಿಟ್ಟವ್ರೆ, ಸಪ್ಪಲಕ್ಕ. ಬೆಳಗ್ಗೆ ಆಲ್ಬಮ್ ದೇವನಹಳ್ಳಿಗೆ ಹೋಗ್ಬೇಕು."

ಇದು ೧೯೭೪ರ ದೊಡ್ಡಬಳ್ಳಾಪುರ. ಮಗ್ಗದ ಮನೆಯಲ್ಲಿ ನೂಲು ಸುತ್ತುತ್ತಿದ್ದ ಸಪ್ಪಲಮ್ಮ ಫೋಟೊ ತೊಳೆಯಲೆಂದು ಈ ಸ್ಟುಡಿಯೊಗೆ ಬಂದವರು. ಈಗ ಆಲ್ಬಮ್ಮಿಗೆ ಚಿತ್ರ ಆರಿಸುವವರೂ ಅವರೇ. ರಟ್ಟಿನ ಮೇಲೆ ಮಾಲೀಕರ ಹೆಸರಷ್ಟೇ ಇರುತ್ತದೆ. ಒಂದು ರೋಲಿಗೆ ಹನ್ನೆರಡು ಚಿತ್ರ. ಎಲ್ಲವನ್ನೂ ಫಿಲ್ಮಿನ ಅಳತೆಯಲ್ಲೇ ಒಂದು ಹಾಳೆಗೆ ಇಳಿಸಿ, ಭೂತಗನ್ನಡಿಯಿಟ್ಟು ನೋಡಿ, ಬೇಕಾದದ್ದರ ಸುತ್ತ ಕೆಂಪು ಮೇಣದ ಪೆನ್ಸಿಲಿನಿಂದ ಗೆರೆ ಎಳೆಯುತ್ತಾರೆ. ಹಾಳೆ ಮನೆಯವರ ಒಪ್ಪಿಗೆಗೆ ಹೋಗಿ ಬಂದ ಮೇಲೆ ದೊಡ್ಡ ಪ್ರಿಂಟು.

"ಮೊದ್ಲು ಕಣ್ಣು ನೋಡ್ತೀನಿ, ಆಮೇಲೆ ಕೈ. ಕೊನೇಗೆ ಹಿಂದೆ ಯಾರು ನಿಂತವ್ರೆ ಅಂತ. ಬೀಗರು ಒಬ್ರು ತಪ್ಪೋದ್ರೂ ಆಲ್ಬಮ್ ವಾಪಸ್ ಬತ್ತದೆ," ಎನ್ನುತ್ತಾರೆ.

ಶಕುಂತಲೆಯ ಧಾರೆಗೆ ಮೂರು ಚಿತ್ರಗಳಿವೆ. ಮೊದಲನೆಯದರಲ್ಲಿ ನೀರಿನ ಎಳೆ ಬೆಳ್ಳಿಯಂತೆ ನಿಂತಿದೆ, ಎಲ್ಲರ ಕಣ್ಣೂ ತೆರೆದಿವೆ. ಎರಡನೆಯದರಲ್ಲಿ ವಧು ರೆಪ್ಪೆ ಮುಚ್ಚಿದ್ದಾಳೆ. ಮೂರನೆಯದರಲ್ಲಿ ನೀರು ಮಸುಕು, ವರ ತಲೆ ತಗ್ಗಿಸಿದ್ದಾನೆ. ಆದರೆ ಅದೊಂದರಲ್ಲಿ ಮಾತ್ರ ಕಂಬದ ಮರೆಯಿಂದ ತಾಯಿ ನಾರಾಯಣಮ್ಮ ಮಗಳನ್ನು ನೋಡುತ್ತಿದ್ದಾರೆ. ಗಂಡನಿಲ್ಲದ ಆಕೆ ಮಂಟಪ ಹತ್ತಲಿಲ್ಲ. ಧಾರೆ ಎರೆದದ್ದು ಸೋದರಮಾವ ಕೋದಂಡರಾಮಯ್ಯ. ಇಡೀ ಮದುವೆಯಲ್ಲಿ ತಾಯಿ ಸಿಕ್ಕಿರುವುದು ಇಲ್ಲಿ ಮಾತ್ರ. ಸಪ್ಪಲಮ್ಮ ಗೆರೆ ಎಳೆದದ್ದು ಮೂರನೆಯದಕ್ಕೇ. ಎರಡು ಬಾರಿಯೂ ಆ ಗೆರೆ ಮನೆಯಲ್ಲಿ ಅಳಿಸಿಹೋಗಿದೆ.

ಇದು ಸೋದರಮಾವನದೇ ಕೆಲಸವೆಂದು ಶಕುಂತಲೆ ದೂರುತ್ತಾಳೆ. ಅಮ್ಮನಿಲ್ಲದ ಆಲ್ಬಮ್ ಹಿಡಿದು ದೇವನಹಳ್ಳಿಯ ಗಂಡನ ಮನೆಗೆ ಹೋಗಲಾರೆ ಎನ್ನುತ್ತಾಳೆ.

ಸಪ್ಪಲಮ್ಮ ಭೂತಗನ್ನಡಿಯನ್ನು ಹಾಳೆಯ ಮೇಲಿಡುತ್ತಾರೆ. ಎಣ್ಣೆ ಸೋಕಿದ ಹತ್ತಿಯಿಂದ ಒರೆಸಿದ ಗುರುತು. ಗೆರೆಯ ಜೊತೆಗೆ ಕಂಬದ ಪಕ್ಕದ ಮುಖವನ್ನೂ ಉಜ್ಜಿ ಉಜ್ಜಿ ಮಂಕು ಮಾಡಲಾಗಿದೆ. ವಧುವಿನ ಮುಖದ ಹತ್ತಿರ ಮಾತ್ರ ಹತ್ತಿ ಅಂಚಿನಲ್ಲೇ ಸುತ್ತಿ ಹೋಗಿದೆ, ಮಲಗಿದ ಕೂಸಿನ ಪಕ್ಕದಿಂದ ಸದ್ದಿಲ್ಲದೆ ಏಳುವವರ ಹಾಗೆ.

ಅವರು ನೆಗೆಟಿವ್ ಅನ್ನು ಚಿತ್ರ ಹಿಗ್ಗಿಸುವ ಎನ್‌ಲಾರ್ಜರಿಗೆ ಸಿಕ್ಕಿಸುತ್ತಾರೆ. ಯಂತ್ರದ ತಲೆಯನ್ನು ಮೇಲೆತ್ತಿ, ಅಂಚಿನ ಜನರನ್ನು ಚೌಕಟ್ಟಿನಿಂದಾಚೆ ಸರಿಸುತ್ತಾರೆ. ಕಂಬದ ನೆರಳು ಕಪ್ಪಾಗದಂತೆ ಅದರ ಮೇಲೆ ಅಂಗೈ ಆಡಿಸಿ ಬೆಳಕನ್ನು ತಡೆಯುತ್ತಾರೆ. ಕಾಗದದಲ್ಲಿ ಮಗಳು ಮೂಡುತ್ತಾಳೆ, ಹಿಂದೆಯೇ ತಾಯಿ, ಮಂಜಿನಿಂದ ನಡೆದುಬಂದಂತೆ.

ಬೆಳಗಾಗುವ ಹೊತ್ತಿಗೆ ಆಲ್ಬಮ್ಮಿನಲ್ಲಿ ಖಾಲಿ ಉಳಿದಿದ್ದ ಕಪ್ಪು ಹಾಳೆಗೆ ಚಿತ್ರ ಅಂಟಿದೆ, ಅದರ ಮೇಲೆ ತೆಳುಕಾಗದ ಮುಚ್ಚಿದೆ.

"ನಾನು ಆರ್ಸಿದ್ದು ಇದೇ. ಕೇಳಿದ್ರೆ ನನ್ ಹೆಸ್ರು ಹೇಳವ್ವ," ಎನ್ನುತ್ತಾರೆ ಸಪ್ಪಲಮ್ಮ. "ಮಾವನ ಮೇಲೆ ಮುನಿಸ್ಕೋಬೇಡ, ಅವ್ರಲ್ಲ. ಮಗೀಗೆ ಅಪಶಕುನ ಆಯ್ತದೆ ಅಂತ ಹೆದ್ರಿ ಅಳ್ಸಿರೋ ಕೈ ಅದು."

ಹಾಗಾದರೆ ಯಾರೆಂದು ಶಕುಂತಲೆ ಕೇಳುತ್ತಾಳೆ.

"ನಿಮ್ಮಮ್ಮ, ನಾರಾಯಣಮ್ಮ."