ಒಂದು ಕೈಗೆ ಎರಡು ಪ್ಲೇಟು

ನನ್ನ ಮೈದುನನಿಗೆ ಬಾಯಿಗಿಂತ ಮೊದಲು ಕೈ ಓಡುತ್ತದೆ. ನಾಗಲಗಿದ್ದದ ಹತ್ತಿರ ನಮ್ಮ ಕಡಲೆ ಹೊಲಕ್ಕೆ ಪಕ್ಕದೂರಿನ ಕುರಿಗಳು ನುಗ್ಗಿದ ದಿನವೂ ಹಾಗೇ ಆಯಿತು. ಕುರಿ ಕಾಯುವವನು ಕೂಗುತ್ತಾ ಓಡಿ ಬಂದು ಕುರಿ ತಿರುಗಿಸುವಷ್ಟರಲ್ಲಿ ಇವನು ಬಡಿಗೆ ಎತ್ತಿಕೊಂಡಿದ್ದ. ತಲೆಗೆ ಬೀಳಬೇಕಿದ್ದ ಏಟಿಗೆ ಅವನು ಎಡಗೈ ಅಡ್ಡ ಹಿಡಿದ. ಮುಂಗೈಯ ಎಲುಬು ಒಣ ಕಟ್ಟಿಗೆಯ ಹಾಗೆ ಮುರಿಯಿತು. ಮುರಿದ ಮೇಲೂ ನನ್ನ ಮೈದುನ ಎರಡು ಏಟು ಹಾಕಿದ. ನಮ್ಮ ಮನೆಯಲ್ಲಿ ಯಾರೂ ಆ ಎರಡು ಏಟಿನ ಮಾತು ಎತ್ತುವುದಿಲ್ಲ, ಅದಕ್ಕೇ ನಾನು ಎತ್ತುತ್ತಿದ್ದೇನೆ.

ನಮ್ಮ ಕಡೆ ಹೊಡೆದಾಟ ಠಾಣೆಗೆ ಹೋಗುವ ಮೊದಲು ಕಟ್ಟೆಗೆ ಹೋಗುತ್ತದೆ. ಎರಡೂ ಊರಿನ ಹಿರಿಯರು ಕೂತು ರಾಜಿ ಮಾಡಿಸಿದರು. ಹೊಡೆದವರು ದವಾಖಾನೆಯ ಬಿಲ್ಲನ್ನು ಕಡೆಯ ಪೈಸೆಯವರೆಗೆ ಕಟ್ಟಬೇಕು. ಹೊಡೆದ ಮನೆಯ ಗಂಡಸರು ದವಾಖಾನೆಯ ಬಾಗಿಲು ತುಳಿಯಬಾರದು. ಡಿಸ್ಚಾರ್ಜ್ ಆಗುವ ದಿನ ಬಿಲ್ಲು ಕಟ್ಟಿ, ಹೊಡೆಸಿಕೊಂಡವನ ತಾಯಿ 'ಆತು' ಅಂದರೆ ಜಗಳ ಮುಗಿಯಿತು. ಅನ್ನದಿದ್ದರೆ ರಾಜಿ ಮುರಿಯಿತು. ಮುರಿದರೆ ಏನಾಗುತ್ತದೆ ಎಂದು ಯಾರೂ ಬಿಡಿಸಿ ಹೇಳಲಿಲ್ಲ. ಕುರಿಗಾರನ ಮನೆಯ ಗಂಡಸರ ಹೆಗಲ ಮೇಲೆ ಮೇವು ಕಡಿಯುವ ಕೊಡಲಿ ಸದಾ ಇರುತ್ತದೆ, ನನ್ನ ಮೈದುನನಿಗೆ ಇರುವುದು ಒಂದೇ ತಲೆ.

ನಾರಾಯಣಖೇಡದ ಸರಕಾರಿ ದವಾಖಾನೆಯಲ್ಲಿ ಕಟ್ಟು ಹಾಕಿಸಿಕೊಂಡು ಕುರಿಗಾರನ ಮನೆಯವರು ನೇರ ಜಹೀರಾಬಾದಿನ ಖಾಸಗಿ ದವಾಖಾನೆಗೆ ಹೋದರು. ಬಡವರ ಕಾರ್ಡು ನಡೆಯುವ ಕಡೆ ಹೋಗಿದ್ದರೆ ಖರ್ಚೇ ಇರುತ್ತಿರಲಿಲ್ಲ. ಬೇಕಂತಲೇ ಹೋಗಲಿಲ್ಲ. ಹೊಡೆದವರ ಚೀಲ ಹರಿಯಲಿ ಎಂಬ ಲೆಕ್ಕ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ಡಿಸ್ಚಾರ್ಜ್ ದಿನ ನನ್ನ ಗಂಡ ನನ್ನನ್ನು ಒಳಗೆ ಕಳಿಸಿದ. ಗಂಡಸರು ತುಳಿಯಬಾರದು ಎಂದಿದ್ದರೇ ಹೊರತು ಹೆಂಗಸರ ಬಗ್ಗೆ ಯಾರೂ ಹೇಳಿರಲಿಲ್ಲ. ಮದುವೆಗೆ ಮುಂಚೆ ನಾನು ತಾಂಡೂರಿನ ಒಂದು ದವಾಖಾನೆಯಲ್ಲಿ ವಿಮೆಯ ಕೌಂಟರಿನಲ್ಲಿ ಕೆಲಸ ಮಾಡಿದ್ದೆ. ಬಿಲ್ಲಿನ ಒಳಹೊರಗು ನನಗೆ ಗೊತ್ತು ಎಂಬುದು ಮನೆಯವರಿಗೆ ಮೊದಲ ಸಲ ನೆನಪಾದದ್ದು ಅವತ್ತೇ. ಅಲ್ಲಿಯವರೆಗೆ ನಾನು ರೊಟ್ಟಿ ಬಡಿಯುವವಳು.

ಕೌಂಟರಿನ ಮುಂದೆ ಆ ಮನೆಯ ಗಂಡಸರು ಕಂಬಳಿ ಹೊದ್ದು ನಿಂತಿದ್ದರು. ಕೊಡಲಿಗಳನ್ನು ವಾಚ್‌ಮನ್ ಗೇಟಿನಲ್ಲೇ ಇಡಿಸಿಕೊಂಡಿದ್ದ, ಪುಣ್ಯಾತ್ಮ. ಕುರಿಗಾರನ ತಾಯಿ ಬೆಂಚಿನ ಮೇಲೆ ಕಾಲು ಮಡಚಿ ಕೂತಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು. ಕೌಂಟರಿನ ಹುಡುಗಿ ಒಂದು ಹಾಳೆಯ ಬಿಲ್ಲು ಚಾಚಿದಳು. ಭರ್ತಿ ಮಾಡುವಾಗ ಹೇಳಿದ ಅಂದಾಜಿನ ಹತ್ತಿರ ಹತ್ತಿರ ಎರಡರಷ್ಟಿತ್ತು.

"ಇದು ಬ್ಯಾಡವಾ. ದಿನದಿನದ್ದು, ಸಾಮಾನಿಂದು, ಎಲ್ಲಾ ಬಿಡಿಬಿಡಿ ಬರೆದದ್ದು ಕೊಡು. ಭರ್ತಿ ಮಾಡೂ ಮುಂದ ಸಹಿ ಮಾಡಿಸ್ಕೊಂಡ ಪ್ಯಾಕೇಜಿನ ಹಾಳಿನೂ ತೆಗಿ," ಎಂದೆ.

ಹಿಂದಿನಿಂದ ಕುರಿಗಾರನ ಕಾಕಾ ಗುಡುಗಿದ. "ನೋಡ್ರಿ, ಹೊಡೀವಾಗ ಹಿಸಾಬ ಇರಲಿಲ್ಲ, ರೊಕ್ಕ ಕೊಡೂ ಮುಂದ ಹಿಸಾಬ ಬಂತು! ಕೊಡಾಕ ಮನಸಿಲ್ಲ ಇವರಿಗೆ. ಏ, ರಾಜಿ ಮುರೀತು, ನಡೀರಲೇ!"

ಒಬ್ಬ ನನ್ನ ಕೈಯ ಹಾಳೆ ಕಸಿದುಕೊಂಡ. ನಾನು ಅವನ ಮಣಿಕಟ್ಟು ಹಿಡಿದು ತಿರುವಿ ಹಾಳೆ ವಾಪಸು ಕಸಿದುಕೊಂಡೆ. ಬಾಗಿಲ ಗಾಜಿನಾಚೆ ನನ್ನ ಗಂಡ ಮತ್ತು ನಮ್ಮ ಕಡೆಯವರು ಎದ್ದು ನಿಂತದ್ದು ಕಾಣಿಸಿತು. ಹೆದರಿಕೆಯಾದಾಗ ನನಗೆ ದನಿ ದೊಡ್ಡದಾಗುತ್ತದೆ.

"ಕಾಕಾ, ಕೊಡಾದಿಲ್ಲ ಅಂತ ನಾ ಅಂದಿಲ್ಲ. ನಿಮಗ ಕೊಡೂದು ಬ್ಯಾರೆ, ಈ ದವಾಖಾನಿಯವರಿಗೆ ಸುಳ್ಳಿಗೆ ಕೊಡೂದು ಬ್ಯಾರೆ. ನಾ ನಿಮ್ಮ ಜೋಡಿ ಜಗಳಕ್ಕ ನಿಂತಿಲ್ಲ, ಇವರ ಜೋಡಿ ನಿಂತೀನಿ. ಒಂದು ಚಾ ಕುಡಿಯೂ ಹೊತ್ತು ಕೊಡ್ರಿ."

ಕಾಕಾ ಹಲ್ಲು ಕಡಿದು, ನಿಲ್ಲಿ ಎಂದು ತನ್ನವರಿಗೆ ಕೈ ತೋರಿಸಿದ. ಬಿಡಿ ಬಿಲ್ಲು ಬಂತು.

ಪ್ಯಾಕೇಜ್ ಎಂದರೆ ಇಡಿಗಂಟು. ಸರ್ಜನ್ನರ ಫೀಸು, ಅರಿವಳಿಕೆಯವರದ್ದು, ಥಿಯೇಟರಿನ ಬಾಡಿಗೆ, ಹಾಸಿಗೆ, ನಿತ್ಯದ ಔಷಧಿ, ಹತ್ತಿ, ಕೈಗವಸು, ಸೂಜಿ ಎಲ್ಲ ಅದರೊಳಗೇ ಎಂದು ಅವರೇ ಸಹಿ ಮಾಡಿಸಿಕೊಂಡ ಹಾಳೆ ಹೇಳುತ್ತಿತ್ತು. ಎಲುಬಿಗೆ ಕೂರಿಸುವ ಪ್ಲೇಟು, ಸ್ಕ್ರೂ ಮಾತ್ರ ಹೊರಗೆ. ಇಲ್ಲಿ ನೋಡಿದರೆ ಮೇಲೆ ಪ್ಯಾಕೇಜಿನ ಪೂರಾ ದುಡ್ಡು, ಕೆಳಗೆ ಥಿಯೇಟರಿನ ಬಾಡಿಗೆ ಬೇರೆ, ಅರಿವಳಿಕೆ ಬೇರೆ. ಆಮೇಲೆ ಕೈಗವಸು, ಮುಸುಕು, ಹೊದಿಕೆ, ಸಿರಿಂಜು ಎಂದು ಎರಡು ಪುಟ. ಊಟದ ದುಡ್ಡು ತಗೊಂಡು ಎಲೆಗೆ, ಉಪ್ಪಿಗೆ, ನೀರಿಗೆ ಬೇರೆ ಬೇರೆ ಕೇಳಿದ ಹಾಗೆ. ಆಪರೇಷನ್ ಆದ ಮೇಲಿನ ಎಕ್ಸ್‌ರೇ ಎರಡು ಸಲ ಇತ್ತು. ಒಂದೇ ದಿನ, ಒಂದೇ ಗಳಿಗೆ, ಒಂದೇ ಫಿಲ್ಮಿನ ನಂಬರು.

ಬಿಲ್ಲಿಂಗಿನ ಮ್ಯಾನೇಜರ್ ಬಂದ. ಇಸ್ತ್ರಿ ಅಂಗಿ, ದಣಿದ ಮುಖ. "ಅಮ್ಮಾ, ಎಕ್ಸ್‌ರೇ ಎಂಟ್ರಿ ವಾರ್ಡಿನವರೂ ಮಾಡ್ಯಾರ, ಎಕ್ಸ್‌ರೇ ರೂಮಿನವರೂ ಮಾಡ್ಯಾರ. ಆಗ್ತಿರ್ತದ. ತೆಗೀತೀನಿ. ಥಿಯೇಟರ್ ಬಾಡಿಗಿ ಮಾತ್ರ, ಕೇಸ್ ಭಾಳ ಹೊತ್ತು ಹಿಡೀತು ಅಂತ…"

"ಹೊತ್ತು ಹಿಡಿದ್ರ ಹೆಚ್ಚಿಗಿ ತಗೋತೀವಿ ಅಂತ ಈ ಹಾಳ್ಯಾಗ ಎಲ್ಲಿ ಅದ, ಬೆರಳಿಟ್ಟು ತೋರಸ್ರಿ."

ಅವನು ಬೆರಳು ಇಡಲಿಲ್ಲ. ಥಿಯೇಟರ್ ಹೋಯಿತು, ಅರಿವಳಿಕೆ ಹೋಯಿತು, ಕೈಗವಸಿನ ಪುಟಗಳು ಹೋದವು. ಒಂದೊಂದು ಸಾಲಿಗೂ ಅವನ ಪೆನ್ನಿನ ಗೀಟು ಬೀಳುವಾಗ ನಾನೇ ಯಾರಿಗೋ ಬಾರಿಸಿದಷ್ಟು ಸುಖ ಆಗುತ್ತಿತ್ತು. ಹೊಡೆಯುವ ರಕ್ತ ನಮ್ಮ ಮೈದುನನೊಬ್ಬನದೇ ಅಲ್ಲ, ಕಾಣುತ್ತದೆ. ಕಾಕಾ ಕೂಡ ಕುತ್ತಿಗೆ ಚಾಚಿ ನೋಡತೊಡಗಿದ್ದ. "ಕಳ್ಳ ಭಾಡ್ಯಾಗಳು," ಎಂದು ಗೊಣಗಿದ. ಈ ಸಲ ಬೈದದ್ದು ನಮಗಲ್ಲ.

ಉಳಿದದ್ದು ಪ್ಲೇಟು, ಸ್ಕ್ರೂ. ಅದು ನ್ಯಾಯದ ಸಾಲು, ಪ್ಯಾಕೇಜಿನ ಹೊರಗಿನದು. ನಾನು ಬಿಟ್ಟು ಮುಂದೆ ಹೋಗುತ್ತಿದ್ದೆ. ರೂಢಿಯ ಹಾಗೆ ಜೋರಾಗಿ ಓದಿದೆ ಅಷ್ಟೆ. "ಪ್ಲೇಟ್ ಒಂದು, ಸ್ಕ್ರೂ ಆರು. ಇದು ಖರೆ ಅದ, ಇದನ್ನ ನಾವು ಕಟ್ಟತೀವಿ."

ಬೆಂಚಿನ ಮೇಲಿದ್ದ ತಾಯಿ ಎದ್ದು ನಿಂತಳು.

"ಯಾರ ಪ್ಲೇಟ ಯಾರು ಕಟ್ತೀರಿ?"

ಅವಳ ಕಡೆಯವರಿಗೂ ಏನೂ ಅರ್ಥವಾಗಲಿಲ್ಲ. ಅವಳು ಕುಪ್ಪಸದೊಳಗಿಂದ ಒಂದು ಚೀಟಿ ತೆಗೆದು ಕೌಂಟರಿನ ಮೇಲೆ ಬಡಿದಳು. ಇದೇ ದವಾಖಾನೆಯ ಔಷಧಿ ಅಂಗಡಿಯದು. ಮಗನ ಹೆಸರು, ಭರ್ತಿಯ ನಂಬರು, ಪ್ಲೇಟು ಒಂದು, ಸ್ಕ್ರೂ ಆರು, ನಗದು. ಆಪರೇಷನ್ ದಿನ ಬೆಳಿಗ್ಗೆ ನರ್ಸು ಸಾಮಾನಿನ ಚೀಟಿ ಹಿಡಿದು ಹೊರಗೆ ಬಂದಿದ್ದಳಂತೆ. ಹೊಡೆದವರು ಡಿಪಾಜಿಟ್ ಇಟ್ಟಿದ್ದಾರೆ, ಅದರಲ್ಲೇ ಹಾಕಿಕೊಳ್ಳಿ ಎಂದು ಹೇಳಬೇಕಾದ ಹೆಂಗಸು, ಗಂಡಸರು ಚಹಾಕ್ಕೆ ಹೋಗಿದ್ದಾಗ ತಾನೇ ಹೋಗಿ ಕೊಂಡು ತಂದಿದ್ದಳು. ಮನೆಯವರಿಗೆ ಹೇಳಿರಲಿಲ್ಲ. ಹೇಳಿದರೆ, ರಾಜಿಯಾಗಿದೆ, ಅವರೇ ಕೊಡಲಿ ಎಂದು ತಡೆಯುತ್ತಿದ್ದರು.

"ರೊಕ್ಕ ಎಲ್ಲಿಂದ ತಂದಿ ಅತ್ತಿಗಿ?" ಕಾಕಾ ಕೇಳಿದ.

"ಟಗರ ಮಾರಿ ತಂದೀನಿ."

ನಾನು ಚೀಟಿ ಎತ್ತಿ ಮ್ಯಾನೇಜರನ ಮೂಗಿಗೆ ಹಿಡಿದೆ. ಔಷಧಿ ಅಂಗಡಿ ನಗದಿಗೆ ಮಾರಿತ್ತು, ಥಿಯೇಟರಿನವರು ಬಳಸಿದ ಸಾಮಾನು ಎಂದು ಬಿಲ್ಲಿಗೂ ಏರಿಸಿದ್ದರು. ಎರಡೂ ಕಡೆಯವರು ಒಬ್ಬರ ಮುಖ ಒಬ್ಬರು ನೋಡದೇ ಇದ್ದದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಅವಳು ಬೆಂಚಿನ ಮೇಲೆ ಇಟ್ಟಿದ್ದ ಎಕ್ಸ್‌ರೇ ಲಕೋಟೆಯಿಂದ ಫಿಲ್ಮು ತೆಗೆದು ಟ್ಯೂಬ್‌ಲೈಟಿಗೆ ಹಿಡಿದೆ. ಬೆಳ್ಳನೆ ಎಲುಬಿನ ಮೇಲೆ ಒಂದೇ ಪ್ಲೇಟು, ಆರೇ ಸ್ಕ್ರೂ.

"ಎರಡನೇ ಪ್ಲೇಟ ಎಲ್ಲದ್ರಿ? ಹೊಟ್ಯಾಗ ಹಾಕೀರೇನ?"

ಅವರ ಗಂಡಸರು ಕೌಂಟರಿಗೆ ನುಗ್ಗಿದರು. ಒಬ್ಬ ಮ್ಯಾನೇಜರನ ಕಾಲರ್ ಹಿಡಿದೇಬಿಟ್ಟ, ಅಂಗಿಯ ಗುಂಡಿ ಕಿತ್ತು ನನ್ನ ಕಾಲ ಹತ್ತಿರ ಬಿತ್ತು. ಕೌಂಟರಿನ ಹುಡುಗಿ ಕಿರುಚಿದಳು. "ಬಿಡ್ರಿ, ಒಂದು ಎಂಟ್ರಿ ತೆಗೀತೀನಿ! ಈಗೇ ತೆಗೀತೀನಿ!" ಎಂದು ಅವನು ಉಸಿರುಗಟ್ಟಿ ಹೇಳಿದ. ಕಾಕಾ ತನ್ನವರನ್ನು ಎಳೆದು ಹಿಂದೆ ಹಾಕಿದ. ಮ್ಯಾನೇಜರ್ ಕುತ್ತಿಗೆ ತಿಕ್ಕಿಕೊಳ್ಳುತ್ತಾ ಕೇಳಿದ, "ಯಾರದು ತೆಗೀಲಿ? ಬಿಲ್ಲಿಂದೋ, ಈ ಅಮ್ಮನ ಚೀಟಿದೋ? ಚೀಟಿ ವಾಪಸ್ ಮಾಡಿದ್ರ ಆಕಿ ರೊಕ್ಕ ಆಕಿಗೆ ಕೊಡ್ತೀನಿ."

ಗೆದ್ದ ಅಮಲಿನಲ್ಲಿದ್ದೆ. ಒಳ್ಳೆಯತನವೂ ಸೇರಿಕೊಂಡಿತ್ತು. "ಆಕಿದೇ ವಾಪಸ್ ಕೊಡ್ರಿ. ಬಿಲ್ಲಿಂದು ಇರಲಿ, ನಾವು ಕೊಡ್ತೀವಿ," ಎಂದೆ.

ತಾಯಿ ನನ್ನ ಹತ್ತಿರ ಬಂದು ಕೆನ್ನೆಗೆ ಬಾರಿಸಿದಳು.

ಕಿವಿ ಗುಂಯ್ ಎಂದಿತು. ಬಾಗಿಲಾಚೆ ನನ್ನ ಗಂಡ ಗಾಜಿಗೆ ಕೈ ಹಚ್ಚಿದ. ನಾನು ಬೇಡ ಎಂದು ತಲೆಯಾಡಿಸಿದೆ. ಅವನು ಒಳಗೆ ಬಂದಿದ್ದರೆ ಅಲ್ಲಿ ಯಾವುದಾದರೂ ಹೆಣ ಬೀಳುತ್ತಿತ್ತು.

"ನನ್ನ ಮಗನ ಎಲುಬಿಗೆ ನಿಮ್ಮ ಕಬ್ಬಿಣ ಬ್ಯಾಡ," ಎಂದಳು. ದನಿ ಏರಿರಲಿಲ್ಲ. "ಹಾಸಿಗಿ ನೀವು ಕೊಡ್ರಿ, ಡಾಕ್ಟರಿಗೆ ನೀವು ಕೊಡ್ರಿ, ಬಿಟ್ಟು ಬರೂವು ಅವೆಲ್ಲ. ಇದು ಅವನ ಮೈಯಾಗ ಇರ್ತದ. ದಿನಾ ಕೈ ನೋಡಿಕೊಂಡಾಗೊಮ್ಮೆ ಹೊಡದವನ ರೊಕ್ಕ ಅಂತ ಅವ ನೆನೆಸಬಾರದು. ಅದಕ್ಕ ಟಗರ ಮಾರೀನಿ. ಈಗ ನೀ ಬಂದು ಅದನ್ನೂ ನಿಮ್ಮದು ಮಾಡ್ತಿಯಾ?"

ನನಗೆ ಅಷ್ಟು ನಾಚಿಕೆ ಹಿಂದೆ ಎಂದೂ ಆಗಿರಲಿಲ್ಲ. ಬಿಲ್ಲಿನ ಒಂದೊಂದು ಸಾಲೂ ಓದಿದ್ದೆ, ಎದುರಿಗಿದ್ದವಳ ಮುಖ ಓದಿರಲಿಲ್ಲ. ಕೆನ್ನೆ ಮುಟ್ಟಿಕೊಳ್ಳದೆ ಮ್ಯಾನೇಜರನಿಗೆ ಹೇಳಿದೆ. "ನಮ್ಮ ಸಾಲು ಹೊಡೀರಿ. ಈ ಆಯೀ ಚೀಟಿ ಹಂಗೇ ಇರಲಿ."

ಅವನು ಗೀಟು ಹಾಕಿದ. ಹೊಸ ಬಿಲ್ಲು ಬಂತು, ನಾನು ಕಟ್ಟಿದೆ. ಕಾಕಾ ಅತ್ತಿಗೆಯ ಕಡೆ ತಿರುಗಿದ. ಅವಳ ಒಂದು ಮಾತಿಗಾಗಿ ಅಷ್ಟೂ ಜನ ಕಾದರು. ಅವಳು ಎಕ್ಸ್‌ರೇ ಲಕೋಟೆ ಕಂಕುಳಲ್ಲಿ ಇಟ್ಟುಕೊಂಡಳು, ಔಷಧಿ ಚೀಟಿಯನ್ನು ಮಡಚಿ ಕುಪ್ಪಸದೊಳಗೆ ಸೇರಿಸಿದಳು.

"ಆತು," ಎಂದಳು.

ಮಗ ಕೊರಳಿಗೆ ಕೈ ಜೋತುಹಾಕಿಕೊಂಡು ವಾರ್ಡಿನಿಂದ ಹೊರಗೆ ಬಂದ. ಅವರು ಗೇಟಿನಲ್ಲಿ ಕೊಡಲಿಗಳನ್ನು ಎತ್ತಿಕೊಂಡು ನಮ್ಮ ಗಾಡಿಯ ಪಕ್ಕದಲ್ಲೇ ಹಾದುಹೋದರು. ಒಳಗೆ ನನ್ನ ಮೈದುನ ಸೀಟಿನ ಕೆಳಗೆ ಬಗ್ಗಿ ಕೂತಿದ್ದ. ಅವರು ಕಣ್ಣು ಎತ್ತಿಯೂ ನೋಡಲಿಲ್ಲ.

ನಾರಾಯಣಖೇಡದ ದಾರಿ ಹಿಡಿದ ಮೇಲೆ ಮೈದುನನಿಗೆ ಜೀವ ಬಂತು. ಕೂದಲು ಹಿಂದಕ್ಕೆ ಸವರಿಕೊಂಡ. ನನ್ನ ಕೈಯ ಹಳೆಯ ಬಿಲ್ಲನ್ನು ಎಳೆದುಕೊಂಡು, ಗೀಟು ಬಿದ್ದ ಸಾಲುಗಳನ್ನು ನೋಡಿ ನಕ್ಕ.

"ಭಾಳ ಉಳಿಸೀರಿ ವೈನಿ. ಪ್ಲೇಟೂ ಪುಕ್ಕಟ ಆತಲ್ಲ!"

ನಾನು ಅವನ ಕೆನ್ನೆಗೆ ಬಾರಿಸಿದೆ. ಅವನು ಮುಖ ಮುಚ್ಚಿಕೊಳ್ಳಲು ಕೈ ಅಡ್ಡ ಹಿಡಿದ, ಆ ಕೈ ಸರಿಸಿ ಇನ್ನೆರಡು ಬಾರಿಸಿದೆ. ನನ್ನ ಗಂಡ ಗಾಡಿ ನಿಲ್ಲಿಸಲಿಲ್ಲ.