ಅಪ್ಪನ ತಲೆಯ ಹೊಳಪು

ಸ್ಟುಡಿಯೋದಲ್ಲಿ ಫೋಟೋ ತಿದ್ದುವ ಅಕ್ಕನಿಗೆ ಬೋಳುತಲೆಯ ಹೊಳಪು ತಗ್ಗಿಸುವುದು ನೀರು ಕುಡಿದಷ್ಟು ಸುಲಭ. ಪಕ್ಕದ ಚರ್ಮದ ಬಣ್ಣವನ್ನು ತೆಳುವಾಗಿ ಸವರಿ, ಅರ್ಧ ಹೊಳಪನ್ನು ಹಾಗೇ ಬಿಡುತ್ತಿದ್ದಳು. ಅಷ್ಟು ಉಳಿದರೇ ತಲೆ ದುಂಡಗೆ ಕಾಣುವುದು.

ಅಪ್ಪನ ಫೋಟೋದಲ್ಲಿ ಮಾತ್ರ ಎಡವಿದಳು. “ಆ ಬಲ್ಬು ಪೂರ್ತಿ ಆರಿಸೇ ಮಗಳೇ, ನೆಂಟ್ರೆಲ್ಲ ಕನ್ನಡಿ ಅಂತ ತಲೆ ಬಾಚ್ಕೋತಾರೆ!” ಎಂದು ಅವರು ನಕ್ಕಿದ್ದರು. ಅವರ ಖುಷಿಗೆಂದು ಹೊಳಪನ್ನು ಪೂರ್ತಿ ಅಳಿಸಿ, ಅವಸರದಲ್ಲಿ ಮೂಲ ಫೋಟೋದ ಮೇಲೆಯೇ ಸೇವ್ ಮಾಡಿಬಿಟ್ಟಳು.

ಅಪ್ಪ ತೀರಿಕೊಂಡ ಮೇಲೆ ಅದನ್ನೇ ದೊಡ್ಡದು ಮಾಡಿ ತಂದಾಗ ಅಮ್ಮ ಮುಖ ಸಿಂಡರಿಸಿದಳು. “ಇದ್ಯಾರೇ? ತಲೆಗೆ ಮಣ್ಣು ಮೆತ್ತಿದ ಹಾಗಿದೆ. ಹೊಳೀತಿದ್ದ ನಿಮ್ಮಪ್ಪನ್ನೇ ತಾರೇ.”

ಅಕ್ಕ ಕಂಪ್ಯೂಟರಿನಲ್ಲಿ ತಲೆಯ ಮೇಲೆ ಬಿಳಿ ಬಣ್ಣ ಸವರಿ ನೋಡಿದಳು. ಹತ್ತಿ ಅಂಟಿಸಿದಂತೆ ಕಂಡಿತು. ಚರ್ಮದ ಸಣ್ಣ ಗೆರೆಗಳೇ ಅಳಿಸಿಹೋಗಿದ್ದವು.

“ಆ ಫೋಟೋ ಇಲ್ಲಮ್ಮಾ,” ಎಂದಳು, “ನಾನೇ ಕಳೆದ್ಬಿಟ್ಟೆ.”