ಒರೆಸಿ ಹೋದ ಬೆಣೆಗಳು

ಬೆತ್ತದಕ್ಕನ ಕೈಕೆಲಸದಲ್ಲಿ ತಪ್ಪು ಹುಡುಕಿದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಹುಡುಕಲು ಬಂದವರನ್ನು ಅವಳು ತಾನು ಬೆತ್ತ ಹೆಣೆದ ಕುರ್ಚಿಯ ಮೇಲೇ ಕೂರಿಸಿ, "ಈಗ ಹೇಳಿ" ಎನ್ನುತ್ತಿದ್ದಳು. ಕೂತವರಿಗೆ ಏಳುವ ಮನಸ್ಸೇ ಬರುತ್ತಿರಲಿಲ್ಲ, ಇನ್ನು ದೂರುವ ಮಾತೆಲ್ಲಿ? ಮೂವತ್ತು ವರ್ಷ ಹೀಗೆಯೇ ನಡೆದಿತ್ತು. ಆದರೆ ಈಚೆಗೆ ಕೂರುವವರೇ ಕಡಿಮೆಯಾಗಿದ್ದರು. ಕಾರ್ಖಾನೆಯಲ್ಲಿ ನೇಯ್ದ ಬೆತ್ತದ ಹಾಳೆಯನ್ನು ಚೌಕಟ್ಟಿನಲ್ಲಿ ಕೊರೆದ ಸೀಳಿಗೆ ಒತ್ತಿ, ಗೋಂದು ಹಾಕಿ ಕೂರಿಸಿದರೆ ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ. ಅಕ್ಕ ಹೆಣೆಯುವ ಕುರ್ಚಿಗೆ ಮೂರು ದಿನ ಬೇಕು.

ಅಂಥ ಹೊತ್ತಿನಲ್ಲಿ ಊರಿನ ಗ್ರಂಥಾಲಯ ಓದುವ ಕೋಣೆಯ ಮೂವತ್ತೆರಡು ಹಳೆಯ ಕುರ್ಚಿಗಳಿಗೆ ಕೈಹೆಣಿಗೆಯೇ ಬೇಕೆಂದಿತು. ಮೂವರು ಕೆಲಸಗಾರರಿಗೆ ಒಂದೊಂದು ಕುರ್ಚಿ ಕೊಟ್ಟು, ಹೆಣೆದು ಅದರ ಫೋಟೋ ಕಳಿಸಿ ಎಂದರು. ಗುರುವಾರ ಸಂಜೆ ನಾಲ್ಕಕ್ಕೆ ಸಮಿತಿಯವರು ಫೋಟೋ ನೋಡಿ ತೀರ್ಮಾನಿಸುತ್ತಾರೆ. ಕೆಲಸ ಸಿಕ್ಕರೆ ಆ ದುಡ್ಡಿನಲ್ಲಿ ವರ್ಷಪೂರ್ತಿ ಅಂಗಡಿ ನಡೆಯುತ್ತದೆ. ಇಲ್ಲದಿದ್ದರೆ ಬಾಗಿಲು ಹಾಕಿ, ತಂಗಿಯ ಮನೆಯಲ್ಲಿ ಬಟಾಣಿ ಸುಲಿಯುತ್ತ ಕೂರಬೇಕು. ತಂಗಿ ಒಳ್ಳೆಯವಳೇ. ಬಟಾಣಿಯೂ ಒಳ್ಳೆಯದೇ. ಆದರೆ ಅಕ್ಕನಿಗೆ ಆ ಯೋಚನೆ ಬಂದರೆ ಸಾಕು, ಮೈ ಉರಿಯುತ್ತಿತ್ತು.

ಫೋಟೋ ತೆಗೆಯುವುದು ಅಕ್ಕನಿಗೆ ಬರುತ್ತಿತ್ತು, ಅದನ್ನು ಚೆಂದ ಮಾಡುವುದನ್ನು ಪಕ್ಕದ ಅಂಗಡಿಯ ಟೈಲರಮ್ಮ ಹೇಳಿಕೊಟ್ಟಿದ್ದಳು. ಫೋನಿನಲ್ಲೇ ಎಲ್ಲ ಇದೆಯಂತೆ, ಬೇರೇನೂ ಹಾಕಿಕೊಳ್ಳಬೇಕಿಲ್ಲ. ಫೋಟೋ ತೆರೆದು ಎಡಿಟ್ ಒತ್ತಿದರೆ ಕ್ರಾಪ್ ಇದೆ. ಮೂಲೆ ಹಿಡಿದು ಎಳೆದರೆ ಬೇಡದ್ದು ಹೊರಗೆ ಹೋಗುತ್ತದೆ. ಅದರ ಕೆಳಗಿನ ಗೆರೆಯನ್ನು ಸರಿಸಿದರೆ ವಾಲಿದ ಚಿತ್ರ ನೆಟ್ಟಗಾಗುತ್ತದೆ. ಬೆಳಕಿಗೆ ಒಂದು ಪಟ್ಟಿ, ನೆರಳಿಗೆ ಒಂದು ಪಟ್ಟಿ: ಮೇಲೆ ಸರಿಸಿದರೆ ಕತ್ತಲು ತಿಳಿಯಾಗುತ್ತದೆ. ಕೊನೆಗೆ ಒರೆಸುವುದು: ಬೇಡದ ಚುಕ್ಕೆಯ ಮೇಲೆ ಬೆರಳಾಡಿಸಿದರೆ ಅದು ಮಾಯವಾಗಿ ಸುತ್ತಲಿನ ಬಣ್ಣವೇ ಅಲ್ಲಿ ತುಂಬಿಕೊಳ್ಳುತ್ತದೆ.

ಬುಧವಾರ ಅಕ್ಕ ಗಂಟೆಗಟ್ಟಲೆ ಕೂತು ಎಲ್ಲವನ್ನೂ ಮಾಡಿದಳು. ಚಿತ್ರದ ಅಂಚಿನಲ್ಲಿ ಬಿದ್ದಿದ್ದ ಚಪ್ಪಲಿಯನ್ನು ಕತ್ತರಿಸಿ ಹೊರಗಟ್ಟಿದಳು. ನೆಲದ ಗೆರೆ ನೋಡಿಕೊಂಡು ಚಿತ್ರವನ್ನು ನೆಟ್ಟಗೆ ಮಾಡಿದಳು. ಗೋಡೆಯ ಮೇಲಿನ ಎಣ್ಣೆ ಕಲೆಯನ್ನು ಒರೆಸಿದಳು. ಕಲೆ ಹೋದದ್ದು ನೋಡಿ ಅವಳಿಗೆ ಎಂಥ ಹುರುಪು ಬಂತೆಂದರೆ, ಕುರ್ಚಿಯ ಮುಂದಿನ ಮರದ ಪಟ್ಟಿಯ ಮೇಲೆ ಬಿದ್ದಿದ್ದ ಬೆತ್ತದ ಚೂರುಗಳನ್ನೂ ಉದ್ದಕ್ಕೂ ಬೆರಳೆಳೆದು ಒರೆಸಿಯೇ ಬಿಟ್ಟಳು. ಚಿತ್ರ ಕನ್ನಡಿಯಂತೆ ಫಳಫಳ ಹೊಳೆಯಿತು. ಕಳಿಸಿ, ನೆಮ್ಮದಿಯಾಗಿ ಮಲಗಿದಳು.

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಗ್ರಂಥಾಲಯದ ಮೇಲ್ವಿಚಾರಕರ ಸಂದೇಶ ಬಂತು. ಇದು ಹಾಳೆ ಅಂಟಿಸಿದ ಕುರ್ಚಿ, ನಾವು ಕೇಳಿದ್ದು ಕೈಹೆಣಿಗೆ, ದಯವಿಟ್ಟು ಕ್ಷಮಿಸಿ ಎಂದು.

ಅಕ್ಕನ ಪಿತ್ತ ನೆತ್ತಿಗೇರಿತು. ನಾನು ಹಾಳೆ ಅಂಟಿಸುವವಳೇ? ಆ ಮನುಷ್ಯನಿಗೆ ಕಣ್ಣಿದೆಯೇ? ಟೈಲರಮ್ಮನ ಮುಂದೆ ಮೇಲ್ವಿಚಾರಕರ ಮೂರು ತಲೆಮಾರನ್ನು ತೊಳೆದು ಒಣಗಹಾಕಿ, ಮುಖಕ್ಕೇ ಹಿಡಿದು ತೋರಿಸುತ್ತೇನೆಂದು ಫೋಟೋ ತೆರೆದು ಎರಡು ಬೆರಳಲ್ಲಿ ಹಿಗ್ಗಿಸಿದಳು.

ಮುಂದಿನ ಪಟ್ಟಿಯಲ್ಲಿ ಬೆಣೆಗಳೇ ಇರಲಿಲ್ಲ. ಕೈಹೆಣಿಗೆಯ ಗುರುತೇ ಅದು: ಚೌಕಟ್ಟಿನ ತೂತುಗಳಲ್ಲಿ ಬೆತ್ತ ಇಳಿಸಿ, ಒಂದೊಂದು ತೂತಿಗೂ ಮರದ ಪುಟ್ಟ ಬೆಣೆ ಹೊಡೆದು ಬಿಗಿಯುತ್ತಾರೆ. ಚೂರಿನ ಜೊತೆ ಫೋನು ಬೆಣೆಯನ್ನೂ ತೂತನ್ನೂ ಒರೆಸಿ, ನಯವಾದ ಮರ ತುಂಬಿಸಿಟ್ಟಿತ್ತು. ಉಳಿದ ಮೂರು ಬದಿ ಕತ್ತಲಲ್ಲಿ ಮುಳುಗಿದ್ದವು. ಇಷ್ಟು ವರ್ಷ ಬೇರೆಯವರ ಕುರ್ಚಿಯಲ್ಲಿ ಬೆಣೆ ಇಲ್ಲವೆಂದು ಮೂಗು ಮುರಿದವಳು ತನ್ನ ಬೆಣೆಯನ್ನು ತಾನೇ ಒರೆಸಿದ್ದಳು.

ಹಾಗೆಂದು ಮುದುಡಿ ಕೂರುವ ಜನ್ಮ ಅದಲ್ಲ. ಮೇಲ್ವಿಚಾರಕರಿಗೆ ಫೋನ್ ಹಚ್ಚಿ, ಕುರ್ಚಿ ಸರಿಯಿದೆ, ತಪ್ಪು ಫೋಟೋದ್ದು, ನಾಲ್ಕರೊಳಗೆ ಇನ್ನೊಂದು ಕಳಿಸುತ್ತೇನೆ ಎಂದಳು. ಅವರು ತುಸು ಅನುಮಾನದಿಂದಲೇ ಆಗಲಿ ಎಂದರು.

ಮಾಡಿದ್ದನ್ನೆಲ್ಲ ತೆಗೆದು ಮೊದಲಿನ ಚಿತ್ರಕ್ಕೇ ಮರಳಿಸುವ ಗುಂಡಿಯೊಂದು ಎಡಿಟ್‌ನಲ್ಲೇ ಇದೆ ಎಂದು ಟೈಲರಮ್ಮ ತೋರಿಸಿದಳು. ಒತ್ತಿದೊಡನೆ ಬೆಣೆಗಳು ಬಂದವು, ಚೂರುಗಳೂ ಬಂದವು, ಎಣ್ಣೆ ಕಲೆ ಬಂತು, ಚಪ್ಪಲಿಯೂ ಬಂತು. ಒಂದನ್ನು ಉಳಿಸಿ ಒಂದನ್ನು ತೆಗೆಯುವ ಚೌಕಾಸಿ ಆ ಗುಂಡಿಗೆ ಗೊತ್ತಿಲ್ಲ. ಅಕ್ಕ ಮತ್ತೆ ಮೊದಲಿನಿಂದ ಕ್ರಾಪ್ ಮಾಡಿದಳು, ನೆಟ್ಟಗೆ ಮಾಡಿದಳು. ತಿರುಗಿಸುವಾಗ ಚಿತ್ರದ ಅಂಚು ಕಳೆದು ಕುರ್ಚಿಯ ಕಾಲು ಅರ್ಧ ಹೋಯಿತು. ಕ್ರಾಪ್ ಸಡಿಲಿಸಿ ಕಾಲನ್ನು ಒಳಗೆ ತಂದಳು. ಈ ಸಲ ನೆರಳಿನ ಪಟ್ಟಿಯನ್ನೂ ಮೆಲ್ಲಗೆ ಮೇಲಕ್ಕೆ ಸರಿಸಿದಳು. ಕತ್ತಲಲ್ಲಿದ್ದ ಬದಿಗಳು ಬೆಳಗಿ, ಬೆಣೆಗಳ ಸಾಲು ಎದ್ದು ಬಂತು.

ಅವಳ ಎದೆ ಉಬ್ಬಿತು. ಮರುಕ್ಷಣವೇ ಅವಳು ಚಿತ್ರವನ್ನು ಮತ್ತಷ್ಟು ಹಿಗ್ಗಿಸಿದಳು. ಹಿಂದಿನ ಎಡಮೂಲೆಯಲ್ಲಿ ಒಂದು ತೂತು ಬರಿದಾಗಿತ್ತು. ಹೆಣೆಯುವಾಗ ತಾತ್ಕಾಲಿಕವಾಗಿ ಸಿಕ್ಕಿಸಿ ತೆಗೆದ ಬೆಣೆಯನ್ನು ಮತ್ತೆ ಹೊಡೆಯಲು ಮರೆತಿದ್ದಳು. ಮೂವತ್ತು ವರ್ಷಗಳಲ್ಲಿ ಒಂದು.

ಟೈಲರಮ್ಮನೂ ನೋಡಿದಳು. ಅವಳ ದನಿ ತಗ್ಗಿತು.

"ನೆರಳಿನ ಪಟ್ಟಿ ಸ್ವಲ್ಪ ಕೆಳಗಿಳಿಸಕ್ಕ, ಮೂಲೆ ಕತ್ತಲಾಗುತ್ತೆ. ಅಲ್ಲಿಗೆ ಯಾರ ಕಣ್ಣೂ ಹೋಗಲ್ಲ."

ಸಲಹೆ ಸುಲಭದ್ದೇ. ಮೂರೂಕಾಲು ಗಂಟೆಯಾಗಿತ್ತು. ಅಕ್ಕನ ಬೆರಳು ಪಟ್ಟಿಯ ಮೇಲೆ ಒಂದು ಗಳಿಗೆ ನಿಂತಿತು ಎಂಬುದನ್ನು ಮುಚ್ಚಿಡಬೇಕಿಲ್ಲ. ಬಟಾಣಿಯ ಬುಟ್ಟಿ ಕಣ್ಣ ಮುಂದೆ ಬಂದರೆ ಯಾರ ಬೆರಳಾದರೂ ನಿಲ್ಲುತ್ತದೆ. ಆಮೇಲೆ ಅವಳು ಫೋನನ್ನು ಟೈಲರಮ್ಮನ ಕೈಗಿತ್ತು, ಚಾಕು ಹುಡುಕಿದಳು.

ಕಡ್ಡಿ ಕೆತ್ತಿ ಬೆಣೆ ಮಾಡಿದಳು. ಸಡಿಲಾಗಿದ್ದ ಬೆತ್ತವನ್ನು ಒದ್ದೆ ಮಾಡಿ ಎಳೆದು, ಬೆಣೆಯಿಟ್ಟು ಸುತ್ತಿಗೆಯಿಂದ ಎರಡೇ ಏಟು ಹೊಡೆದಳು. ಚೌಕಟ್ಟಿನ ಮೇಲಿದ್ದ ಬೆತ್ತದ ಚೂರುಗಳನ್ನು ಈ ಸಲ ಬಟ್ಟೆಯಿಂದ ಒರೆಸಿದಳು. ಚಪ್ಪಲಿಯನ್ನು ಕಾಲಿನಿಂದ ಆಚೆ ನೂಕಿ, ಎರಡು ಹೆಜ್ಜೆ ಹಿಂದೆ ನಿಂತು ಹೊಸದಾಗಿ ಫೋಟೋ ತೆಗೆದಳು. ಉಳಿದದ್ದು ಐದು ನಿಮಿಷದ ಕೆಲಸ: ಕ್ರಾಪ್, ನೆಟ್ಟಗೆ, ನೆರಳು. ಕೊನೆಗೆ ಗೋಡೆಯ ಎಣ್ಣೆ ಕಲೆ ಒಂದನ್ನೇ, ಹಿಗ್ಗಿಸಿ ನೋಡಿಕೊಂಡು, ಬೆರಳ ತುದಿಯಲ್ಲಿ ಒರೆಸಿದಳು. ಗೋಡೆ ಮಾರುವುದಕ್ಕಿಲ್ಲ. ಕುರ್ಚಿಯ ಹತ್ತಿರ ಬೆರಳನ್ನೇ ಒಯ್ಯಲಿಲ್ಲ.

ಮೂರೂಮುಕ್ಕಾಲಿಗೆ ಕಳಿಸಿದಳು. ಐದಕ್ಕೆ ಮೇಲ್ವಿಚಾರಕರೇ ಫೋನ್ ಮಾಡಿದರು. ಮೂವತ್ತೆರಡೂ ಕುರ್ಚಿ ನಿಮ್ಮವೇ, ಸೋಮವಾರ ಗಾಡಿ ಕಳಿಸುತ್ತೇವೆ ಎಂದರು. ಆಮೇಲೆ, ಮನಸ್ಸು ತಡೆಯದೆ ಕೇಳಿದರು.

"ಅಲ್ಲಮ್ಮಾ, ನಿನ್ನೆ ಇಲ್ಲದ ಬೆಣೆಗಳು ಇವತ್ತು ಎಲ್ಲಿಂದ ಬಂದವು?"

"ನಿನ್ನೆಯೂ ಇದ್ದವು ಸಾರ್, ಫೋನಲ್ಲಿ ನಾನೇ ಒರೆಸಿಬಿಟ್ಟಿದ್ದೆ" ಎಂದಳು ಅಕ್ಕ. ಅಲ್ಲಿಗೆ ನಿಲ್ಲಿಸಬಹುದಿತ್ತು. ಟೈಲರಮ್ಮ ನಿಲ್ಲಿಸೆಂದು ಕಣ್ಣಲ್ಲೇ ಬೇಡಿಕೊಂಡಳು. "ಹಿಂದಿನ ಎಡಮೂಲೆಯದೊಂದು ಮಾತ್ರ ನಿಜವಾಗಿಯೂ ಇರಲಿಲ್ಲ. ಇವತ್ತು ಮಧ್ಯಾಹ್ನ ಹೊಡೆದೆ. ಕುರ್ಚಿ ಬಂದಾಗ ಮೊದಲು ಅದನ್ನೇ ಅಲ್ಲಾಡಿಸಿ ನೋಡಿ."